ದೊಡ್ಡಮ್ಮನ ರಕ್ತ ಪರೀಕ್ಷೆಯ ವರದಿ, ಕನ್ನಡದಲ್ಲಿ

ದೊಡ್ಡಮ್ಮ, ಹಾಸನದ ಲ್ಯಾಬಿನವರು ಕೊಟ್ಟ ಮೂರು ಹಾಳೆಗಳನ್ನು ಕನ್ನಡಕ್ಕೆ ಇಳಿಸಿದ್ದೇನೆ. ಅಂಕಿಗಳನ್ನು ಇದ್ದ ಹಾಗೇ ಬರೆದಿದ್ದೇನೆ. ಮೊದಲು ವರದಿಯ ಸಾಲುಗಳು, ಕೆಳಗೆ ಅವುಗಳ ಬಗ್ಗೆ ನನ್ನ ಮಾತು. ಸೋಮವಾರ ಡಾಕ್ಟರ ಹತ್ತಿರ ಹೋಗುವಾಗ ಇಂಗ್ಲಿಷ್ ಹಾಳೆಗಳನ್ನು ಮರೆಯಬೇಡಿ, ಅವರು ನೋಡುವುದು ಅದನ್ನೇ.

ರೋಗಿ: ಹೆಣ್ಣು, 56 ವರ್ಷ
ರಕ್ತ ತೆಗೆದದ್ದು: 12 ಜೂನ್ 2024, ಬೆಳಿಗ್ಗೆ 7.40, ಬರಿಹೊಟ್ಟೆಯಲ್ಲಿ. ತಿಂಡಿಯಾದ ಎರಡು ಗಂಟೆಗೆ ಮತ್ತೊಮ್ಮೆ
ಮಾದರಿ: ನೇರಳೆ ಮುಚ್ಚಳದ ಟ್ಯೂಬು ರಕ್ತಕಣಗಳಿಗೆ ಮತ್ತು ಎ1ಸಿಗೆ, ಬೂದು ಮುಚ್ಚಳದ್ದು ಸಕ್ಕರೆಗೆ, ಹಳದಿ ಮುಚ್ಚಳದ್ದು ಉಳಿದವಕ್ಕೆ

ಪ್ರತಿ ಸಾಲಿನ ಕೊನೆಗೆ ಎರಡು ಅಂಕಿಗಳ ನಡುವೆ ಗೆರೆ ಹಾಕಿದ್ದಾರಲ್ಲ, ಅದು ಸಾಮಾನ್ಯ ಮಿತಿ. ಆರೋಗ್ಯವಾಗಿರುವ ಬಹಳ ಜನರ ರಕ್ತ ನೋಡಿ, ನೂರರಲ್ಲಿ 95 ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೋ ಅದನ್ನೇ ಮಿತಿ ಎಂದು ಇಡುತ್ತಾರೆ. ಸಕ್ಕರೆ, ಕೊಬ್ಬಿನಂಥ ಕೆಲವಕ್ಕೆ ಮಾತ್ರ ಯಾವ ಮಟ್ಟದಿಂದ ತೊಂದರೆ ಶುರುವಾಗುತ್ತದೆ ಎಂದು ನೋಡಿ ಮಿತಿ ಹಾಕಿರುತ್ತಾರೆ. ಗಂಡಸರಿಗೆ, ಹೆಂಗಸರಿಗೆ, ಮಕ್ಕಳಿಗೆ ಮಿತಿ ಬೇರೆ ಬೇರೆ. ಒಂದು ಲ್ಯಾಬಿನ ಯಂತ್ರಕ್ಕೂ ಇನ್ನೊಂದರದ್ದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹಾಗಾಗಿ ಪಕ್ಕದ ಮನೆಯವರ ವರದಿಯ ಜೊತೆ ನಿಮ್ಮದನ್ನು ಇಟ್ಟು ನೋಡಬೇಡಿ. ಅಂಕಿಯ ಪಕ್ಕದಲ್ಲಿ ಎಚ್ ಎಂದಿದ್ದರೆ ಹೆಚ್ಚು, ಎಲ್ ಎಂದಿದ್ದರೆ ಕಡಿಮೆ.

ಸಿಬಿಸಿ: ರಕ್ತಕಣಗಳ ಪೂರ್ಣ ಎಣಿಕೆ

ಎಚ್‌ಬಿ, ಹಿಮೋಗ್ಲೋಬಿನ್: 9.2 ಗ್ರಾಂ/ಡೆಸಿಲೀಟರ್, ಕಡಿಮೆ. ಮಿತಿ 12.0–15.0
ಆರ್‌ಬಿಸಿ, ಕೆಂಪು ರಕ್ತಕಣ: 43.0 ಲಕ್ಷ/ಮೈಕ್ರೋಲೀಟರ್. ಮಿತಿ 38–48
ಪಿಸಿವಿ, ರಕ್ತದಲ್ಲಿ ಕೆಂಪುಕಣಗಳ ಪಾಲು: 30.1 ಶೇಕಡಾ, ಕಡಿಮೆ. ಮಿತಿ 36–46
ಎಂಸಿವಿ, ಒಂದು ಕೆಂಪುಕಣದ ಗಾತ್ರ: 70.0 ಫೆಮ್ಟೋಲೀಟರ್, ಕಡಿಮೆ. ಮಿತಿ 83–101
ಎಂಸಿಎಚ್, ಒಂದು ಕಣದಲ್ಲಿರುವ ಹಿಮೋಗ್ಲೋಬಿನ್: 21.4 ಪೀಕೋಗ್ರಾಂ, ಕಡಿಮೆ. ಮಿತಿ 27–32
ಆರ್‌ಡಿಡಬ್ಲ್ಯು, ಕಣಗಳ ಗಾತ್ರದ ಏರುಪೇರು: 18.2 ಶೇಕಡಾ, ಹೆಚ್ಚು. ಮಿತಿ 11.6–14.0
ಡಬ್ಲ್ಯುಬಿಸಿ, ಬಿಳಿ ರಕ್ತಕಣ: 7,400/ಮೈಕ್ರೋಲೀಟರ್. ಮಿತಿ 4,000–10,000
ಪ್ಲೇಟ್‌ಲೆಟ್: 3.85 ಲಕ್ಷ/ಮೈಕ್ರೋಲೀಟರ್. ಮಿತಿ 1.5–4.1 ಲಕ್ಷ

ಗಾಜಿನ ಸ್ಲೈಡಿನಲ್ಲಿ ಕಂಡದ್ದು: "ಕೆಂಪುಕಣಗಳು ಚಿಕ್ಕದಾಗಿವೆ, ಬಣ್ಣ ಮಂಕಾಗಿದೆ, ಗಾತ್ರದಲ್ಲಿ ಏರುಪೇರಿದೆ. ಬಿಳಿಕಣಗಳ ಸಂಖ್ಯೆ, ಆಕಾರ ಸರಿಯಾಗಿವೆ. ಪ್ಲೇಟ್‌ಲೆಟ್ ಸಾಕಷ್ಟಿವೆ. ರಕ್ತದಲ್ಲಿ ಪರೋಪಜೀವಿ ಕಂಡಿಲ್ಲ."

ಕೊನೆಯ ಮಾತಿನ ಅರ್ಥ, ಸ್ಲೈಡಿನಲ್ಲಿ ಮಲೇರಿಯಾದಂಥದ್ದು ಕಾಣಲಿಲ್ಲ ಎಂದು. ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಮಿತಿಯಲ್ಲಿವೆ, ಅಲ್ಲಿ ಯೋಚನೆ ಬೇಡ.

ಯೋಚಿಸಬೇಕಾದದ್ದು ಮೊದಲ ಸಾಲು. ಹಿಮೋಗ್ಲೋಬಿನ್ ಎಂದರೆ ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತೊಯ್ಯುವ ಕೆಂಪು ವಸ್ತು. ನಾವು "ರಕ್ತ ಕಡಿಮೆ" ಎನ್ನುವುದು ಇದನ್ನೇ. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 8ರಿಂದ 10.9ರ ಒಳಗಿದ್ದರೆ ಅದು ಮಧ್ಯಮ ಮಟ್ಟದ್ದು, ನಿಮ್ಮದು ಅಲ್ಲಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಹಟ್ಟಿ ಗುಡಿಸುವಷ್ಟರಲ್ಲಿ ಕಣ್ಣು ಕತ್ತಲೆ ಎಂದು ನೀವು ಹೇಳುತ್ತಿದ್ದಿರಲ್ಲ, ಅದು ವಯಸ್ಸಿನದ್ದು ಎಂದು ನಾವೆಲ್ಲ ಸುಮ್ಮನಿದ್ದೆವು. ಸುಮ್ಮನಿರಬಾರದಿತ್ತು, ದೊಡ್ಡಮ್ಮ.

ಕಣಗಳ ಲೆಕ್ಕ ಸರಿಯಿದೆ, ಆದರೆ ಒಂದೊಂದೂ ಚಿಕ್ಕದು, ಒಳಗೆ ಬಣ್ಣವೇ ಇಲ್ಲ. ಹೊಲದಲ್ಲಿ ತೆನೆ ಎಷ್ಟೋ ಬಂದು ಕಾಳು ಜೊಳ್ಳಾದ ಹಾಗೆ. ಹೀಗಾಗಲು ಹೆಚ್ಚಾಗಿ ಕಾರಣ ಕಬ್ಬಿಣದ ಅಂಶ ಸಾಲದಿರುವುದು. ಅದಕ್ಕೇ ಡಾಕ್ಟರು ಮುಂದಿನದನ್ನೂ ಬರೆಸಿದ್ದಾರೆ.

ಫೆರಿಟಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ: 7 ನ್ಯಾನೋಗ್ರಾಂ/ಮಿಲಿಲೀಟರ್, ಕಡಿಮೆ. ಮಿತಿ 13–150

ಇದು ಕಣಜದ ಲೆಕ್ಕ. ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಮೇಲೇರುವುದುಂಟು, ಆದರೆ ಇಷ್ಟು ಕೆಳಗಿದ್ದರೆ ಕಣಜ ಬರಿದಾಗಿದೆ ಎಂದೇ ಅರ್ಥ. ಮುಟ್ಟು ನಿಂತು ಆರು ವರ್ಷವಾದವರಲ್ಲಿ ಕಬ್ಬಿಣ ಹೀಗೆ ಖಾಲಿಯಾದರೆ, ಹೊಟ್ಟೆಯಲ್ಲೋ ಕರುಳಿನಲ್ಲೋ ಕಾಣದ ಹಾಗೆ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಬರೀ ಟಾನಿಕ್ ಬರೆಸಿಕೊಂಡು ಎದ್ದು ಬರಬೇಡಿ. "ಯಾಕೆ ಹೀಗಾಯಿತು" ಎಂದು ನೀವೇ ಕೇಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರಿಸಿ ನುಂಗುತ್ತಿರುವ ಮಾತ್ರೆಯ ಹಾಳೆಯನ್ನು ತೋರಿಸಿ, ಅಂಥ ಕೆಲವು ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವುದಿದೆ. ಮಲ ಕಪ್ಪಗಾಗಿತ್ತೇ, ಮೂಲವ್ಯಾಧಿ ಇದೆಯೇ ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳಿ. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಹೇಗೂ ಮಲ ಕಪ್ಪಗಾಗುತ್ತದೆ, ಆಮೇಲೆ ಇದು ಗೊತ್ತಾಗುವುದು ಕಷ್ಟ.

ಸಕ್ಕರೆ

ಎಫ್‌ಬಿಎಸ್, ಬರಿಹೊಟ್ಟೆಯ ಸಕ್ಕರೆ: 118 ಮಿಲಿಗ್ರಾಂ/ಡೆಸಿಲೀಟರ್, ಹೆಚ್ಚು. ಮಿತಿ 70–99
ಪಿಪಿಬಿಎಸ್, ತಿಂಡಿಯಾದ ಎರಡು ಗಂಟೆಗೆ: 152, ಹೆಚ್ಚು. 140ರ ಒಳಗಿರಬೇಕು
ಎಚ್‌ಬಿಎ1ಸಿ, ಎರಡು–ಮೂರು ತಿಂಗಳ ಸರಾಸರಿ ತೋರಿಸುವುದು: 6.3 ಶೇಕಡಾ, ಹೆಚ್ಚು. 5.7ಕ್ಕಿಂತ ಕಡಿಮೆ: ಸಾಮಾನ್ಯ. 5.7–6.4: ಸಕ್ಕರೆ ಕಾಯಿಲೆಗೆ ಮುಂಚಿನ ಹಂತ. 6.5 ಮತ್ತು ಮೇಲೆ: ಸಕ್ಕರೆ ಕಾಯಿಲೆ
ಇಎಜಿ, ಆ ಸರಾಸರಿಯನ್ನು ದಿನದ ಸಕ್ಕರೆಯ ಲೆಕ್ಕದಲ್ಲಿ ಹೇಳಿದರೆ: 134

"ಮೂರು ಕಡೆ ಎಚ್ ಬಂದಿದೆ, ಶುಗರ್ ಬಂತು" ಎಂದು ಫೋನಿನಲ್ಲಿ ಅತ್ತಿರಂತೆ. ಬರಿಹೊಟ್ಟೆಯಲ್ಲಿ 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಲೆಕ್ಕ, ಅದನ್ನೂ ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ನಿಮ್ಮದು ಅದರ ಒಳಗಿದೆ. ಇನ್ನೊಂದು ವಿಷಯ: ಎ1ಸಿ ಅಳೆಯುವುದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು. ಕಬ್ಬಿಣ ಕಡಿಮೆಯಿದ್ದವರಲ್ಲಿ ಈ ಅಂಕಿ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿ ಬರಬಹುದು. ರಕ್ತ ಸುಧಾರಿಸಿದ ಮೇಲೆ ಮತ್ತೆ ಮಾಡಿಸಬೇಕೇ ಎಂದು ಕೇಳಿ. ಅಷ್ಟರವರೆಗೆ ದೊಡ್ಡಪ್ಪನ ಶುಗರ್ ಮಾತ್ರೆಯನ್ನು ನೀವು ನುಂಗಕೂಡದು. ಊಟವನ್ನು ಅರ್ಧಕ್ಕೆ ಇಳಿಸುವುದೂ ಬೇಡ.

ಕೊಬ್ಬು

ಒಟ್ಟು ಕೊಲೆಸ್ಟ್ರಾಲ್: 188 ಮಿಲಿಗ್ರಾಂ/ಡೆಸಿಲೀಟರ್. 200ರ ಒಳಗಿರಬೇಕು
ಟ್ರೈಗ್ಲಿಸರೈಡ್: 165, ಹೆಚ್ಚು. 150ರ ಒಳಗಿರಬೇಕು
ಎಚ್‌ಡಿಎಲ್, ಒಳ್ಳೆಯ ಕೊಬ್ಬು: 42, ಕಡಿಮೆ. ಹೆಂಗಸರಿಗೆ 50ರ ಮೇಲಿರಬೇಕು
ಎಲ್‌ಡಿಎಲ್, ಕೆಟ್ಟ ಕೊಬ್ಬು: 113, ಹೆಚ್ಚು. 100ರ ಒಳಗಿದ್ದರೆ ಉತ್ತಮ

ಎಚ್‌ಡಿಎಲ್ ಮಾತ್ರ ಹೆಚ್ಚಿದ್ದರೆ ಒಳ್ಳೆಯದು. ಒಟ್ಟು ಕೊಲೆಸ್ಟ್ರಾಲ್ ಮಿತಿಯಲ್ಲೇ ಇದೆ, ಉಳಿದವು ಗೆರೆಯಿಂದ ಸ್ವಲ್ಪ ಆಚೆಗಿವೆ, ಸಕ್ಕರೆಯ ಜೊತೆಗೆ ಡಾಕ್ಟರು ಇದನ್ನೂ ನೋಡುತ್ತಾರೆ.

ಮೂತ್ರಪಿಂಡ, ಪಿತ್ತಜನಕಾಂಗ, ಥೈರಾಯ್ಡ್

ಕ್ರಿಯಾಟಿನಿನ್: 0.7 ಮಿಲಿಗ್ರಾಂ/ಡೆಸಿಲೀಟರ್. ಮಿತಿ 0.5–1.1
ಎಸ್‌ಜಿಪಿಟಿ: 22 ಯೂನಿಟ್/ಲೀಟರ್. ಮಿತಿ 35ರವರೆಗೆ
ಟಿಎಸ್‌ಎಚ್: 3.1 ಮೈಕ್ರೋಯೂನಿಟ್/ಮಿಲಿಲೀಟರ್. ಮಿತಿ 0.4–4.2

ಮೂರೂ ಮಿತಿಯಲ್ಲಿವೆ.

ವರದಿಯ ಕೊನೆಯ ಸಾಲು: "ಈ ಫಲಿತಾಂಶಗಳನ್ನು ರೋಗಿಯ ಲಕ್ಷಣಗಳ ಜೊತೆಗಿಟ್ಟು ವೈದ್ಯರು ಅರ್ಥೈಸಬೇಕು." ಲ್ಯಾಬಿನವರು ನೋಡಿದ್ದು ಟ್ಯೂಬನ್ನು, ನಿಮ್ಮನ್ನಲ್ಲ ಎಂದು ಇದರರ್ಥ. ಏದುಸಿರಿನ ವಿಷಯವನ್ನು ಮೊದಲು ಹೇಳಿ. ಅಷ್ಟರೊಳಗೆ ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಮಲ ಡಾಂಬರಿನಂತೆ ಕಪ್ಪಗೆ ಹೋದರೆ ಸೋಮವಾರದವರೆಗೆ ಕಾಯಬೇಡಿ, ಅಣ್ಣನಿಗೆ ಹೇಳಿ ಆಗಲೇ ಆಸ್ಪತ್ರೆಗೆ ಹೊರಡಿ.