ಆನೆ ಸಾಲು

ಆಷಾಢದ ಮಳೆ ಹೆಂಗಿರತ್ತೆ ಅಂತ ಮೂಡಿಗೆರೆ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಹಿಡೀತು ಅಂದ್ರೆ ಬಿಡಲ್ಲ. ಶನಿವಾರ ಚಿಕ್ಕಮಗಳೂರಿಂದ ಅಜ್ಜಿ ಮನೆಗೆ ಬಂದ ಪ್ರಣವ, ಮಳೆ ರಜೆ ಕೊಟ್ರು ಅಂತ ಅಲ್ಲೇ ಉಳಿದುಬಿಟ್ಟ. ಮರ ಬಿದ್ದು ಕರೆಂಟ್ ಹೋಗಿತ್ತು, ಟಿವಿ ಇಲ್ಲ, ಅಜ್ಜನ ಮೊಬೈಲಲ್ಲಿ ಚಾರ್ಜ್ ಇಲ್ಲ. ಕೊನೆಗೆ ಮಾವ ಬರ್ತ್‌ಡೇಗೆ ಕೊಟ್ಟಿದ್ದ ಪಜಲ್ ಡಬ್ಬಿ ಬಿಚ್ಚಿದ, ಅದೂ ಬೇರೆ ದಾರಿ ಇಲ್ದೆ.

ಐನೂರು ಪೀಸು. ಚಿತ್ರ ಹಳೇಬೀಡು ದೇವಸ್ಥಾನದ ಗೋಡೆದು, ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹದ ಸಾಲು, ಆಮೇಲೆ ಬಳ್ಳಿ, ಕುದುರೆ ಸವಾರರು. ನೋಡೋಕೆ ಚೆಂದ, ಆದ್ರೆ ಎಲ್ಲಾ ಒಂದೇ ಬೂದು ಬಣ್ಣ, ಆಕಾಶ ಇಲ್ಲ, ಮರ ಇಲ್ಲ, ಕೆಂಪು ಸೀರೆ ಉಟ್ಕೊಂಡು ನಿಂತಿರೋ ಪ್ರವಾಸಿ ಒಬ್ಬರಾದ್ರೂ ಇಲ್ಲ. ಆನೆ ಪಕ್ಕ ಆನೆ, ಆನೆ ಪಕ್ಕ ಮತ್ತೆ ಆನೆ.

ನೇರ ಅಂಚಿರೋ ಪೀಸೆಲ್ಲ ಆರಿಸಿ ಚೌಕಟ್ಟು ಜೋಡಿಸೋದು ಅವನಿಗೆ ಗೊತ್ತಿತ್ತು. ಮೇಲೆ ಒಂದು ಪೀಸಿನ ಜಾಗ ಖಾಲಿ ಉಳಿದಿದ್ದು ಬಿಟ್ರೆ ಮೂರು ಕಡೆ ಬೇಗ ಬೇಗ ಕೂಡ್ತು, ಕೆಳಗಿನ ಸಾಲಲ್ಲಿ ಮಾತ್ರ ಕೊನೇ ಪೀಸು ಕೂರ್ತಾನೇ ಇಲ್ಲ. ತಿರುಗಿಸಿ ನೋಡಿದ, ಉಲ್ಟಾ ಇಟ್ಟು ನೋಡಿದ, ಆಮೇಲೆ ಸಿಟ್ಟು ಬಂದು ಮುಷ್ಟಿಯಿಂದ ಗುದ್ದಿದ. ಪೀಸಿನ ಅಂಚಲ್ಲಿ ಚಾಚಿರೋ ಕಿವಿ ಮಡಚಿಕೊಂಡು ಮೇಲಿನ ಬಣ್ಣದ ಕಾಗದ ಎದ್ದು ಬಂತು.

"ಕಂಪನಿಯವರೇ ತಪ್ಪು ಕಟ್ ಮಾಡಿದಾರೆ ಅಜ್ಜಿ, ಇದು ವೇಸ್ಟು!"

ಅಜ್ಜಿ ಮೊರದಲ್ಲಿ ಅಕ್ಕಿ ಆರಿಸ್ತಾ ಇದ್ರು. ಎದ್ದು ಬಂದು ಎದ್ದಿದ್ದ ಕಾಗದನ ಉಗುರಲ್ಲಿ ಒತ್ತಿ ಸರಿ ಮಾಡಿದ್ರು, ಸಾಲನ್ನ ಒಂದ್ಸಲ ಬೆರಳಲ್ಲಿ ಸವರಿದ್ರು. "ಕೊನೇದ್ರಲ್ಲಿ ಏನೂ ಐಬಿಲ್ಲ ಮಾರಾಯ, ಮಧ್ಯ ಎಲ್ಲೋ ಒಂದು ಸುಮ್ನೆ ಕೂತಿದೆ. ಬಿಚ್ಚು."

"ಎಲ್ಲಾನೂ?"

"ಮತ್ತೆ?"

ಅವನು ಬಿಚ್ಚಲಿಲ್ಲ. ಜಗಲಿಗೆ ಹೋಗಿ ಮಳೆ ನೋಡ್ತಾ ಮುಖ ಊದಿಸ್ಕೊಂಡು ಕೂತ. ಅಜ್ಜಿ ಕರೀಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ, ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ಉಳಿದ ಪೀಸುಗಳನ್ನ ಆಕಾರ ನೋಡಿ ಬೇರೆ ಮಾಡ್ತಾ ಕೂತ್ರು. ಎರಡು ಕಿವಿ ಎರಡು ಬಾಯಿ ಇರೋವು ಒಂದು ಕಡೆ, ಮೂರು ಕಿವಿಯವು ಇನ್ನೊಂದು ಕಡೆ. ಬಣ್ಣ ಕೈ ಕೊಟ್ಟಾಗ ಆಕಾರನೇ ಗತಿ, ಪಜಲ್ ಕಟ್ಟಿ ಅಭ್ಯಾಸ ಇರೋರು ಇದನ್ನೇ ಮಾಡೋದು. ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಇಷ್ಟು ವರ್ಷ ಕಾಳುಕಡಿ ಆರಿಸಿದ ಕೈ ಅದು.

ತಟ್ಟೆ ಸದ್ದು ಕೇಳಿ ಕೇಳಿ ಅವನಿಗೇ ತಡೀಲಿಲ್ಲ, ವಾಪಸ್ ಬಂದ. ಒಂದೊಂದೇ ಬಿಚ್ಚೋಕೆ ಶುರು ಮಾಡಿದ. ಚೆನ್ನಾಗಿ ಕೂತಿದೆ ಅಂತ ಅನ್ನಿಸಿದ್ದನ್ನ ಕೀಳೋವಾಗ ಹೊಟ್ಟೆ ಉರೀತಿತ್ತು ಪಾಪ, ದೊಡ್ಡೋರಿಗೇ ಕಷ್ಟ ಅದು. ಕಿತ್ತ ಒಂದು ಪೀಸನ್ನ ಕಿಟಕಿ ಬೆಳಕಿಗೆ ಹಿಡಿದ. ಆನೆ ಕಾಲ ಪಕ್ಕ ಸಣ್ಣಗೆ ಕಪ್ಪು ನೆರಳು, ಎಡಗಡೆ. ಪಕ್ಕದ ಪೀಸಲ್ಲೂ ನೆರಳು ಎಡಗಡೆ. ಅದರ ಪಕ್ಕದ್ದು ನೋಡಿದ್ರೆ ಬಲಗಡೆ ಇದೆ!

"ಅಜ್ಜೀ, ಫೋಟೋ ತೆಗೆಯೋವಾಗ ಬಿಸಿಲು ಒಂದೇ ಕಡೆಯಿಂದ ತಾನೇ ಬಿದ್ದಿರತ್ತೆ?"

"ಹೂಂ, ಇನ್ನೆಲ್ಲಿಂದ ಬರತ್ತೆ?"

ಅದು ಕೆಳಗಿನ ಸಾಲಿಂದೇ ಅಲ್ಲ, ಮೇಲಿನ ಸಾಲಿನ ಪೀಸು ತಲೆಕೆಳಗಾಗಿ ಬಂದು ಕೂತಿತ್ತು. ಅದನ್ನ ತೆಗೆದು, ಅಲ್ಲಿಗೆ ಸರಿ ಹೊಂದೋದನ್ನ ತಟ್ಟೆಯಲ್ಲಿ ಹುಡುಕೋಕೆ ಮಧ್ಯಾಹ್ನ ಪೂರ್ತಿ ಹಿಡೀತು. ಸಿಕ್ಕಿದಾಗ ಒತ್ತಬೇಕಾಗೇ ಬರಲಿಲ್ಲ, ಇಟ್ಟ ತಕ್ಷಣ ಕೂತ್ಕೊಂಡ್ತು.

ಆಮೇಲೆ ಅವನು ಆನೆಗಳನ್ನ ನಿಜವಾಗ್ಲೂ ನೋಡೋಕೆ ಶುರು ಮಾಡಿದ. ಒಂದರ ಸೊಂಡಿಲು ಸುರುಳಿ, ಒಂದರದ್ದು ಮುಂದಿನ ಆನೆ ಬಾಲಕ್ಕೆ ತಾಗ್ತಾ ಇದೆ, ಒಂದರ ಬೆನ್ನ ಮೇಲೆ ಮಾವುತ. ಎಲ್ಲಾ ಒಂದೇ ಅಂತ ಬೈದಿದ್ದು ಅವನೇ, ಈಗ ಅಜ್ಜ ಊಟಕ್ಕೆ ಕರೆದ್ರೆ "ಒಂದ್ನಿಮಿಷ ಅಜ್ಜ, ಈ ಮಾವುತನ ಕಾಲು ಸಿಕ್ಲಿ" ಅಂತಾನೆ. ಕೆಲವು ಹೊತ್ತು ಒಂದೂ ಸಿಗ್ತಿರಲಿಲ್ಲ, ಆಗ ಎದ್ದು ಹೋಗಿ ನಾಯಿಗೆ ಅನ್ನ ಹಾಕಿ ಬಂದು ಮತ್ತೆ ಕೂರೋನು.

ಮಳೆ ಹೊಳವಾದ ದಿನ ಅಪ್ಪ ಜೀಪಲ್ಲಿ ಬಂದ್ರು. ಕುದುರೆ ಸಾಲು ಇನ್ನೂ ಅರ್ಧ ಬಾಕಿ ಇತ್ತು.

"ನಡಿಯೋ ಪುಟ್ಟ, ಕತ್ತಲಾಗೋದ್ರೊಳಗೆ ಹೊರಡ್ಬೇಕು" ಅಂತ ಹೇಳ್ತಾನೇ ಒಂದು ಪೀಸು ಎತ್ಕೊಂಡು, ಕುದುರೆ ಮುಂದಿನ ಜಾಗಕ್ಕಿಟ್ಟು ಹೆಬ್ಬೆರಳಲ್ಲಿ ಒತ್ತಿದ್ರು.

ಪ್ರಣವ ಅಪ್ಪನ ಕೈ ಹಿಡ್ಕೊಂಡ. "ಒತ್ತಬೇಡಪ್ಪ, ಕಿವಿ ಮುರಿಯತ್ತೆ. ಮೊದಲು ನೆರಳು ನೋಡು."

"ಎಲ್ಲೋ ನೆರಳು?"

"ಕುದುರೆ ಕಾಲ ಹತ್ರ. ಕನ್ನಡಕ ಹಾಕ್ಕೋ."

ಅಪ್ಪ ಕನ್ನಡಕ ಹಾಕ್ಕೊಂಡ್ರು, ಬಗ್ಗಿದ್ರು, ಆಮೇಲೆ ಸ್ಟೂಲ್ ಎಳ್ಕೊಂಡು ಕೂತೇಬಿಟ್ರು. "ಅತ್ತೆ, ಒಂದು ಲೋಟ ಕಾಫಿ ಕೊಡ್ತೀರಾ?"