ರಾಜೀನಾಮೆ ಅಂಗೀಕಾರ ಪತ್ರ

ದಿನಾಂಕ: 5 ಮಾರ್ಚ್ 2026

ಇವರಿಗೆ,
ಶ್ರೀಮತಿ ಸುಜಾತಾ ಅವರು,
ಹಿರಿಯ ಮೇಲ್ವಿಚಾರಕರು, ಉಗ್ರಾಣ ವಿಭಾಗ

ವಿಷಯ: ತಮ್ಮ ರಾಜೀನಾಮೆಯ ಅಂಗೀಕಾರ, ಕಾರ್ಯಭಾರ ಹಸ್ತಾಂತರ ಮತ್ತು ಅಂತಿಮ ಲೆಕ್ಕ ಚುಕ್ತಾ ಕುರಿತು

ಉಲ್ಲೇಖ: ತಮ್ಮ ರಾಜೀನಾಮೆ ಪತ್ರ, ದಿನಾಂಕ 2 ಮಾರ್ಚ್ 2026

ಮಾನ್ಯರೇ,

ಮೇಲೆ ಉಲ್ಲೇಖಿಸಿದ ಪತ್ರದಲ್ಲಿ ತಾವು ಸಲ್ಲಿಸಿರುವ ರಾಜೀನಾಮೆಯನ್ನು ಆಡಳಿತ ಮಂಡಳಿಯು ಅಂಗೀಕರಿಸಿದೆ. ನೇಮಕಾತಿ ಆದೇಶದ ಪ್ರಕಾರ 60 ದಿನಗಳ ನೋಟಿಸ್ ಅವಧಿಯು 1 ಮೇ 2026ರಂದು ಮುಗಿಯಬೇಕಿತ್ತು. ಆದರೆ ಊರಿನಲ್ಲಿರುವ ತಾಯಿಯವರ ಆರೈಕೆಗಾಗಿ 17 ಏಪ್ರಿಲ್ 2026, ಶುಕ್ರವಾರದಂದೇ ಬಿಡುಗಡೆ ಮಾಡಬೇಕೆಂದು ತಾವು ಕೋರಿದ್ದೀರಿ. ಈ ಕೋರಿಕೆಗೆ ಒಪ್ಪಿಗೆ ನೀಡಲಾಗಿದ್ದು, ಅಂದು ಕಚೇರಿ ವೇಳೆ ಮುಗಿದ ನಂತರ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗುವುದು. ಉಳಿಯುವ 14 ದಿನಗಳ ನೋಟಿಸ್ ಅವಧಿಯನ್ನು ಮನ್ನಾ ಮಾಡಲಾಗಿದೆ. ಅದಕ್ಕಾಗಿ ವೇತನದಲ್ಲಿ ಕಡಿತ ಮಾಡುವುದಾಗಲಿ, ತಮ್ಮ ಖಾತೆಯಲ್ಲಿರುವ ರಜೆಗೆ ಹೊಂದಿಸುವುದಾಗಲಿ ಇರುವುದಿಲ್ಲ.

ಹನ್ನೊಂದು ವರ್ಷಗಳ ತಮ್ಮ ಸೇವೆಗೆ ಸಂಸ್ಥೆಯು ಮನಃಪೂರ್ವಕವಾಗಿ ಕೃತಜ್ಞತೆ ಸಲ್ಲಿಸುತ್ತದೆ. ಉಗ್ರಾಣದ ಪ್ರತಿ ರ್‍ಯಾಕಿನ ಬಿನ್ ಕಾರ್ಡಿನಲ್ಲೂ ಸಾಮಗ್ರಿ ಬಂದ ದಿನವೇ ತಮ್ಮ ಕೈಬರಹದಲ್ಲಿ ನಮೂದು ಬೀಳುತ್ತಿತ್ತು. ಗಣಕಯಂತ್ರದ ಲೆಕ್ಕಕ್ಕೂ ರ್‍ಯಾಕಿನಲ್ಲಿರುವ ಸರಕಿಗೂ ವ್ಯತ್ಯಾಸ ಕಂಡಾಗ ತಾವು ಕಾರಣ ಹುಡುಕದೆ ಪುಸ್ತಕವನ್ನು ಮುಚ್ಚಿದವರಲ್ಲ. ಲೆಕ್ಕ ಪರಿಶೋಧನೆಯ ಸಮಯದಲ್ಲಿ ನಮ್ಮೆಲ್ಲರಿಗೂ ಇದ್ದ ನಿಶ್ಚಿಂತೆಗೆ ಈ ಶಿಸ್ತೇ ಕಾರಣ. ಹೊಸದಾಗಿ ಸೇರಿದ ಸಹಾಯಕರಿಗೆ ತಾವು ಪಕ್ಕದಲ್ಲಿ ನಿಂತು ಕೆಲಸ ಕಲಿಸಿದ್ದನ್ನೂ ಇಲ್ಲಿ ದಾಖಲಿಸಬೇಕು, ಏಕೆಂದರೆ ಅದು ಯಾವ ವಾರ್ಷಿಕ ವರದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ.

ತಮ್ಮ ಕಾರ್ಯಭಾರವನ್ನು ವಿಭಾಗದ ಸಹಾಯಕ ಮೇಲ್ವಿಚಾರಕರು ವಹಿಸಿಕೊಳ್ಳಲಿದ್ದಾರೆ. ಅವರು 23 ಮಾರ್ಚ್‌ನಿಂದ ತಮ್ಮ ಜೊತೆಯಲ್ಲೇ ಕೆಲಸ ಮಾಡುತ್ತಾರೆ. 6ರಿಂದ 10 ಏಪ್ರಿಲ್‌ವರೆಗೆ ಲೆಕ್ಕಪತ್ರ ವಿಭಾಗದ ಪ್ರತಿನಿಧಿಯ ಸಮ್ಮುಖದಲ್ಲಿ ಇಬ್ಬರೂ ಸೇರಿ ದಾಸ್ತಾನಿನ ಭೌತಿಕ ಪರಿಶೀಲನೆ ನಡೆಸಿ, ಕಂಡುಬಂದ ಹೆಚ್ಚು ಅಥವಾ ಕೊರತೆಯನ್ನು ಕಾರಣ ಸಹಿತ ಬರೆದು ಸಹಿ ಮಾಡಬೇಕು. ತಾವು ಹೊರಟ ಮೇಲೆ ಯಾವುದೋ ಹಳೆಯ ವ್ಯತ್ಯಾಸದ ಬಗ್ಗೆ ತಮ್ಮನ್ನು ಪ್ರಶ್ನಿಸುವ ಸಂದರ್ಭ ಬರಬಾರದು, ಹೊಸಬರ ಹೆಗಲಿಗೂ ಅದು ಬೀಳಬಾರದು ಎಂಬ ಕಾರಣಕ್ಕೆ ಈ ಪರಿಶೀಲನೆಯನ್ನು ಬಿಡುಗಡೆಗೆ ಒಂದು ವಾರ ಮೊದಲೇ ಇಡಲಾಗಿದೆ. ಸರಬರಾಜು ಬಾಕಿ ಇರುವ ಖರೀದಿ ಆದೇಶಗಳು, ತಿರಸ್ಕರಿಸಿ ವಾಪಸು ಕಳುಹಿಸಬೇಕಾದ ಸಾಮಗ್ರಿ ಹಾಗೂ ಬಾಯಿಮಾತಿನಲ್ಲೇ ನಡೆದುಕೊಂಡು ಬಂದಿರುವ ಸರಬರಾಜುದಾರರೊಂದಿಗಿನ ಏರ್ಪಾಡುಗಳನ್ನು ಒಂದು ಟಿಪ್ಪಣಿಯಲ್ಲಿ ಬರೆದು 13 ಏಪ್ರಿಲ್ ಒಳಗೆ ಒಪ್ಪಿಸಬೇಕೆಂದು ವಿಶೇಷವಾಗಿ ಕೋರುತ್ತೇವೆ. ಉಗ್ರಾಣದ ಎರಡೂ ಜೊತೆ ಕೀಲಿಕೈ, ಗುರುತಿನ ಚೀಟಿ ಮತ್ತು ಕಚೇರಿಯ ಮೊಬೈಲ್ ಫೋನನ್ನು 17 ಏಪ್ರಿಲ್ ಮಧ್ಯಾಹ್ನದೊಳಗೆ ಹಿಂದಿರುಗಿಸಿ, ಬಾಕಿ ಇಲ್ಲವೆಂಬ ಪ್ರಮಾಣಪತ್ರಕ್ಕೆ ಸಂಬಂಧಪಟ್ಟ ವಿಭಾಗಗಳ ಸಹಿ ಪಡೆಯತಕ್ಕದ್ದು. ಅಂದು ಸಂಜೆಯಿಂದ ತಮ್ಮ ಗಣಕಯಂತ್ರದ ಪ್ರವೇಶಾನುಮತಿ ಸ್ಥಗಿತಗೊಳ್ಳುತ್ತದೆ.

ಅಂತಿಮ ಲೆಕ್ಕದಲ್ಲಿ 17 ಏಪ್ರಿಲ್‌ವರೆಗಿನ ವೇತನ ಮತ್ತು ಬಳಸದೆ ಉಳಿದಿರುವ 21 ದಿನಗಳ ಗಳಿಕೆ ರಜೆಯ ನಗದೀಕರಣ ಮೊತ್ತ ಸೇರಿರುತ್ತವೆ. ಹಬ್ಬದ ಮುಂಗಡದಲ್ಲಿ ಬಾಕಿ ಇರುವ ಎರಡು ಕಂತುಗಳನ್ನೂ ಶಾಸನಬದ್ಧ ಕಡಿತಗಳನ್ನೂ ಇದರಿಂದ ಕಳೆಯಲಾಗುವುದು. ಲೆಕ್ಕದ ಕರಡನ್ನು 15 ಏಪ್ರಿಲ್‌ರಂದು ತಮಗೆ ನೀಡುತ್ತೇವೆ. ಆಕ್ಷೇಪವಿದ್ದಲ್ಲಿ ಮರುದಿನದೊಳಗೆ ತಿಳಿಸಿದರೆ ತಮ್ಮೊಂದಿಗೇ ಕುಳಿತು ಸರಿಪಡಿಸಲು ಅನುಕೂಲವಾಗುತ್ತದೆ. ಮೊತ್ತವು 20 ಏಪ್ರಿಲ್ 2026, ಸೋಮವಾರ ತಮ್ಮ ವೇತನದ ಬ್ಯಾಂಕ್ ಖಾತೆಗೆ ಜಮೆಯಾಗಲಿದೆ. ಗ್ರಾಚ್ಯುಟಿಯನ್ನು ಪ್ರತ್ಯೇಕವಾಗಿ 15 ಮೇ 2026ರೊಳಗೆ ಪಾವತಿಸಲಾಗುವುದು. ಅದರ ಅರ್ಜಿ ನಮೂನೆಯನ್ನು ಈ ಪತ್ರದೊಂದಿಗೆ ಲಗತ್ತಿಸಲಾಗಿದೆ. ಭವಿಷ್ಯ ನಿಧಿ ಖಾತೆಯಲ್ಲಿ ತಮ್ಮ ಸೇವಾ ಮುಕ್ತಾಯದ ದಿನಾಂಕವನ್ನು ನಾವು ನಮೂದಿಸಿದ ನಂತರ ವರ್ಗಾವಣೆಗೆ ಅಥವಾ ಹಿಂಪಡೆಯುವುದಕ್ಕೆ ತಾವು ಅರ್ಜಿ ಸಲ್ಲಿಸಬಹುದು.

ಬಿಡುಗಡೆ ಪತ್ರ ಮತ್ತು ಸೇವಾನುಭವ ಪ್ರಮಾಣಪತ್ರಗಳನ್ನು 17 ಏಪ್ರಿಲ್‌ರಂದೇ ತಮ್ಮ ಕೈಗೆ ಕೊಡಲಾಗುವುದು. ಸಂಸ್ಥೆಯ ದರಪಟ್ಟಿ ಮತ್ತು ಸರಬರಾಜುದಾರರ ವಿವರಗಳ ಗೌಪ್ಯತೆಯನ್ನು ಕಾಪಾಡುವ ಷರತ್ತು ಸೇವೆ ಮುಗಿದ ಮೇಲೂ ಜಾರಿಯಲ್ಲಿರುತ್ತದೆ.

ತಾಯಿಯವರು ಬೇಗ ಚೇತರಿಸಿಕೊಳ್ಳಲೆಂದು ಹಾರೈಸುತ್ತೇವೆ. ಮುಂದೆ ಅನುಕೂಲವಾದಾಗ ಮತ್ತೆ ಕೆಲಸಕ್ಕೆ ಸೇರುವ ಇಚ್ಛೆ ತಮಗಿದ್ದರೆ, ಸೂಕ್ತ ಹುದ್ದೆ ಖಾಲಿ ಇದ್ದಲ್ಲಿ ತಮ್ಮ ಅರ್ಜಿಯನ್ನು ಸಂತೋಷದಿಂದ ಪರಿಗಣಿಸುತ್ತೇವೆ.

ಈ ಪತ್ರದ ಎರಡನೇ ಪ್ರತಿಗೆ ಸಹಿ ಮಾಡಿ 9 ಮಾರ್ಚ್ 2026ರೊಳಗೆ ಮಾನವ ಸಂಪನ್ಮೂಲ ವಿಭಾಗಕ್ಕೆ ಹಿಂದಿರುಗಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)
ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ

ಲಗತ್ತು: ಗ್ರಾಚ್ಯುಟಿ ಅರ್ಜಿ ನಮೂನೆ

ಪ್ರತಿ: ಉಗ್ರಾಣ ವಿಭಾಗದ ಮುಖ್ಯಸ್ಥರಿಗೆ, ಲೆಕ್ಕಪತ್ರ ವಿಭಾಗಕ್ಕೆ, ವೈಯಕ್ತಿಕ ಕಡತಕ್ಕೆ