ಸಲಹೆಗಾರನ ಕೆಲಸಕ್ಕೆ ಬರಲಾಗದ ಬಗ್ಗೆ

ಮಂಡ್ಯ
ಮೇ 18

ಜನರಲ್ ಮ್ಯಾನೇಜರ್ ಸಾಹೇಬರಿಗೆ, ನಮಸ್ಕಾರಗಳು.

ಹೋದ ವಾರ ನೀವೇ ಮನೆ ತನಕ ಬಂದು, ಕಾಫಿ ಕುಡಿದು, ಕಬ್ಬು ಅರೆಯೋ ಸೀಸನ್ ಮುಗಿಯೋವರೆಗೆ ವಾರಕ್ಕೆ 2 ದಿನ ಸಕ್ಕರೆ ಫ್ಯಾಕ್ಟರಿಯ ಬಾಯ್ಲರ್ ಹೌಸ್ ಕಡೆ ಬಂದು ಹೋಗಿ ಅಂದಿರಿ. ದಿನಕ್ಕೆ 3,000 ರೂಪಾಯಿ, ಕಾರು ಕಳಿಸ್ತೀವಿ ಅಂತಲೂ ಹೇಳಿದಿರಿ. ಎದುರಿಗೆ ಕೂತಾಗ ಇಲ್ಲ ಅನ್ನೋಕೆ ನಾಲಗೆ ಬರಲಿಲ್ಲ. ಅದಕ್ಕೇ ಈ ಪತ್ರ. ನಾನು ಬರೋದಿಲ್ಲ ಸರ್. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಗ್ರಾಚ್ಯುಟಿ ತಡವಾಯಿತು ಅನ್ನೋ ಸಿಟ್ಟಿಗೆ ಹೀಗೆ ಮಾಡ್ತಿದ್ದಾನೆ ಅಂತ ಕ್ಯಾಂಟೀನಿನಲ್ಲಿ ಯಾರಾದರೂ ಅಂದಾರು. ಅದು ಬಂತು, ಮುಗೀತು. ನಾನು ಬರದಿರೋದಕ್ಕೆ ಕಾರಣ ನನ್ನ ಮೈ.

2 ವರ್ಷದ ಹಿಂದೆ, ಸೀಸನ್ ಮಧ್ಯದಲ್ಲೇ ನನಗೆ ಸ್ಟೆಂಟ್ ಹಾಕಿದ್ದು ನಿಮಗೆ ಗೊತ್ತು. ಆಸ್ಪತ್ರೆ ಮಂಚದ ಮೇಲಿದ್ದಾಗಲೂ ಫೋನ್ ಬಂದಿತ್ತು, ಎಕನಾಮೈಸರ್ ಟ್ಯೂಬ್ ಲೀಕ್ ಅಂತ. ನಾನು ಎತ್ತಿದೆ. ಯಾವ ವಾಲ್ವ್ ಮುಚ್ಚಬೇಕು ಅಂತ ಹೇಳಿದೆ. ನರ್ಸ್ ಬಂದು ಫೋನ್ ಕಿತ್ತುಕೊಂಡಳು. ತಪ್ಪು ಫೋನ್ ಮಾಡಿದವರದ್ದಲ್ಲ, ಎತ್ತಿದ ನನ್ನದು. 34 ವರ್ಷ ಹಾಗೇ ಬದುಕಿದವನು ನಾನು.

ರಿಟೈರ್ ಆದ ಮೇಲೂ 3 ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ರಾತ್ರಿ 10ಕ್ಕೆ, ಬೆಳಿಗ್ಗೆ 6ಕ್ಕೆ ಶಿಫ್ಟ್ ಬದಲಾಗೋ ಹೊತ್ತಿಗೆ ತಾನಾಗೇ ಎಚ್ಚರ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಸೇಫ್ಟಿ ವಾಲ್ವ್ ಹಾರಿತು ಅಂತ ಎದ್ದು ಕೂರ್ತಿದ್ದೆ. ನನ್ನಾಕೆ ನಗ್ತಿದ್ದಳು. ಆಮೇಲೆ ನಗೋದು ಬಿಟ್ಟು, ನಾನು ಮಲಗಿರೋ ಹೊತ್ತಲ್ಲಿ ಕುಕ್ಕರ್ ಇಡೋದನ್ನೇ ನಿಲ್ಲಿಸಿದಳು. ಈಗೀಗ ಸರಿಹೋಗಿದೆ. ಬೆಳಿಗ್ಗೆ ವಿ.ಸಿ. ನಾಲೆ ಏರಿ ಮೇಲೆ ಒಂದು ಗಂಟೆ ನಡೀತೀನಿ. ಮಧ್ಯಾಹ್ನ ಊಟ ಆದ ಮೇಲೆ ಜಗಲಿ ಮೇಲೆ ಅರ್ಧ ಗಂಟೆ ನಿದ್ದೆ. 160ರ ಮೇಲಿದ್ದ ಬಿ.ಪಿ. 130ಕ್ಕೆ ಇಳಿದಿದೆ. ಹೀಗೇ ಇರಿ, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ ಅಂದಿದ್ದಾರೆ ಡಾಕ್ಟರು.

ವಾರಕ್ಕೆ ಎರಡೇ ದಿನ ತಾನೇ ಅನ್ನಬಹುದು ನೀವು. ಸರ್, ಬಾಯ್ಲರ್ ಏನು ಸೋಮವಾರ, ಗುರುವಾರ ನೋಡಿಕೊಂಡು ಕೆಡುತ್ತಾ? ಗೇಟಿನ ಮುಂದೆ ಕಬ್ಬಿನ ಗಾಡಿ ಸಾಲುಗಟ್ಟಿ ನಿಂತಿರುವಾಗ ಸ್ಟೀಮ್ ಬಿದ್ದರೆ, ಇವತ್ತು ನನ್ನ ದಿನ ಅಲ್ಲ ಅಂತ ಮಲಗೋ ಜಾತಿ ನಾನಲ್ಲ. ಮೈ ಇಲ್ಲಿದ್ದರೂ ತಲೆ ಅಲ್ಲೇ ಇರುತ್ತೆ. ಫೋನ್‌ನಲ್ಲಿ ಮಾತ್ರ ಸಲಹೆ ಕೊಡಿ ಅಂದರೂ ಅದೇ ಕಥೆ. ಹಾಗಾಗಿ ಅದೂ ಬೇಡ. ನನ್ನ ಮಗನ ಕೈಲಿ ಹೇಳಿಸೋದೂ ಬೇಡ. ಅವನು ನನಗಿಂತ ಮೆತ್ತಗಿನವನು, ಹೂಂ ಅಂದುಬಿಡ್ತಾನೆ.

ಕೈಬಿಟ್ಟು ಹೋದ ಅನ್ನಬೇಡಿ, ಒಂದೆರಡು ವಿಷಯ ಹೇಳಿಬಿಡ್ತೀನಿ. ನನ್ನ ಹಳೇ ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇದೆ. ಯಾವ ವರ್ಷ ಯಾವ ಟ್ಯೂಬ್ ಬದಲಾಯಿಸಿದ್ದು ಅಂತ ಎಲ್ಲಾ ಬರೆದಿದ್ದೀನಿ. ಇನ್ನೊಂದು, ಕಂಡೆನ್ಸೇಟ್ ನೀರಿಗೆ ಆಲ್ಫಾ ನ್ಯಾಫ್ತಾಲ್ ಟೆಸ್ಟ್ ಮಾಡೋದನ್ನ ಯಾವ ಶಿಫ್ಟಿನಲ್ಲೂ ತಪ್ಪಿಸಬೇಡಿ. ಟೆಸ್ಟ್ ಟ್ಯೂಬಿನಲ್ಲಿ ನೇರಳೆ ಉಂಗುರ ಕಂಡರೆ ಸಕ್ಕರೆ ಸೇರಿದೆ ಅಂತಲೇ ಅರ್ಥ. ಆ ನೀರನ್ನ ಬಾಯ್ಲರಿಗೆ ಬಿಡದೆ ತಕ್ಷಣ ಚರಂಡಿಗೆ ತಿರುಗಿಸಬೇಕು. ನೀರು ಪೋಲಾಗುತ್ತೆ ಅಂತ ಹಿಂದೆಮುಂದೆ ನೋಡಿದರೆ ಬಾಯ್ಲರ್ ನೀರು ನೊರೆ ಬರುತ್ತೆ, ಟ್ಯೂಬೂ ಹಾಳಾಗುತ್ತೆ. ರಾತ್ರಿ ಪಾಳಿಯವರು ತೂಕಡಿಸಿಕೊಂಡು ಟೆಸ್ಟ್ ಮಾಡದೇನೇ ರಿಜಿಸ್ಟರಿನಲ್ಲಿ ಬರೆದುಬಿಡ್ತಾರೆ. ವಯಸ್ಸಿನಲ್ಲಿ ನಾನೂ ಬರೆದವನೇ, ಅದಕ್ಕೇ ಗೊತ್ತು.

ಬಿ ಶಿಫ್ಟಿನ ಹುಡುಗ ಇದ್ದಾನಲ್ಲ, ಮದ್ದೂರಿನಿಂದ ಬೈಕಿನಲ್ಲಿ ಬರೋನು, ಅವನಿಗೆ ಜವಾಬ್ದಾರಿ ಕೊಡಿ. ಫರ್ನೇಸ್ ಸದ್ದು ಕೇಳಿಯೇ ಉರಿಸೋ ಕಬ್ಬಿನ ಸಿಪ್ಪೆ ಒದ್ದೆ ಇದೆ ಅಂತ ಹೇಳ್ತಾನೆ. ನಾನು ಅಲ್ಲಿದ್ದರೆ ಅವನು ಎಲ್ಲದಕ್ಕೂ ನನ್ನ ಮುಖ ನೋಡ್ತಾನೆ. ನನಗೆ ಕೊಡಬೇಕು ಅಂದುಕೊಂಡಿದ್ದ ದುಡ್ಡಿನಲ್ಲಿ ಸ್ವಲ್ಪ ಅವನ ಸಂಬಳಕ್ಕೆ ಸೇರಿಸಿದರೆ ನನಗೂ ಖುಷಿ.

ನೀವು ಟ್ರೈನಿಯಾಗಿ ಬಂದ ದಿನದಿಂದ ನನ್ನನ್ನ ಮೇಷ್ಟ್ರೇ ಅಂತಲೇ ಕರೆದವರು. ಕುರ್ಚಿ ದೊಡ್ಡದಾದ ಮೇಲೂ ಅದನ್ನ ಬಿಡಲಿಲ್ಲ. ಆ ಸಲಿಗೆಯಿಂದಲೇ ಇಷ್ಟು ಬಿಚ್ಚಿ ಬರೆದೆ.

ಬಾಯ್ಲರ್ ಪೂಜೆಗೆ ಮಾತ್ರ ಕರೆಯೋದು ಮರೆಯಬೇಡಿ. ಕಾರು ಬೇಡ, ಬಸ್ಸಿಗೇ ಬರ್ತೀನಿ. ಬೆಂಕಿ ಹಚ್ಚೋದು ನೋಡಿ, ಪ್ರಸಾದ ತಿಂದು, ಪ್ರೆಶರ್ ಏರೋದರೊಳಗೆ ಮನೆಗೆ ಹೊರಟುಬಿಡ್ತೀನಿ. ಗೇಜ್ ಕಡೆ ತಿರುಗಿ ನೋಡಿದರೆ ನೀವೇ ಗದರಿಸಿ.

ಇಂತಿ ನಿಮ್ಮ,
ಬಾಯ್ಲರ್ ಮೇಷ್ಟ್ರು